ಖಾಲಿ ಕೋಣೆಯ ಮೂರು ಲೆಕ್ಕ

ದೊಡ್ಡ ಹೋಟೆಲ್‌ನ ರಿಸೆಪ್ಷನ್ ಎದುರು ಬೆಳಿಗ್ಗೆ ಹತ್ತೂವರೆಯಿಂದ ಹನ್ನೆರಡರ ತನಕ ಕೂತು ನೋಡಿದರೆ ಒಂದು ಸಂಗತಿ ಮತ್ತೆ ಮತ್ತೆ ನಡೆಯುವುದು ಕಾಣುತ್ತದೆ. ಅತಿಥಿ ಕೀ ಕಾರ್ಡನ್ನು ಕೌಂಟರಿನ ಮೇಲಿಟ್ಟು ‘ಚೆಕ್‌ಔಟ್’ ಅನ್ನುತ್ತಾರೆ. ಕೌಂಟರಿನ ಹುಡುಗಿ ನಗುತ್ತಲೇ ಫೋನ್ ಎತ್ತಿ ‘ಫೋರ್ ಒನ್ ಟೂ ಡಿಪಾರ್ಚರ್’ ಎಂದಷ್ಟೇ ಹೇಳಿ ಇಡುತ್ತಾಳೆ. ಆಮೇಲೆ ಪ್ರಯಾಣ ಎಲ್ಲಿಗೆ, ವಾಸ್ತವ್ಯ ಹೇಗಿತ್ತು, ಬಿಲ್ ಕಂಪನಿ ಹೆಸರಿಗೋ ತಮ್ಮ ಹೆಸರಿಗೋ ಎಂಬ ವಿಚಾರಣೆ. ಇದು ಸೌಜನ್ಯವೂ ಹೌದು, ಸಮಯ ಕಳೆಯುವ ಉಪಾಯವೂ ಹೌದು. ಏಕೆಂದರೆ ಅದೇ ಹೊತ್ತಿಗೆ ನಾಲ್ಕನೇ ಮಹಡಿಯಲ್ಲಿ ಒಬ್ಬರು ಟ್ರಾಲಿ ಬಿಟ್ಟು 412ರ ಬಾಗಿಲಿಗೆ ಓಡುತ್ತಿರುತ್ತಾರೆ.

ಓಡುತ್ತಿರುವವರು ರೂಮ್ ಅಟೆಂಡೆಂಟ್. ಎರಡು ಮೂರು ನಿಮಿಷದೊಳಗೆ ಆ ಕೋಣೆಯಿಂದ ಎರಡು ಉತ್ತರ ಬರಬೇಕು. ಮಿನಿಬಾರ್‌ನಲ್ಲಿ ಏನು ಖರ್ಚಾಗಿದೆ? ಅತಿಥಿ ಏನಾದರೂ ಬಿಟ್ಟಿದ್ದಾರೆಯೇ? ಅತಿಥಿ ಕೌಂಟರಿನ ಮುಂದೆ ಇರುವವರೆಗೆ ಎರಡೂ ಸುಲಭದ ಪ್ರಶ್ನೆಗಳು. ಅವರ ಕಾರು ವಿಮಾನ ನಿಲ್ದಾಣದ ದಾರಿ ಹಿಡಿದ ಮೇಲೆ, ಕುಡಿದ ಬಿಯರ್ ವಸೂಲಾಗದ ಸಾಲವಾಗುತ್ತದೆ; ಬಿಟ್ಟುಹೋದ ಚಾರ್ಜರ್ ರಿಜಿಸ್ಟರಿನಲ್ಲೊಂದು ಸಾಲಾಗುತ್ತದೆ. ಮೂರನೆಯ ಲೆಕ್ಕ ಆಮೇಲಿನದು: ಸೋಪು, ಶಾಂಪೂ, ಟೂತ್‌ಬ್ರಷ್, ಚಹಾಪುಡಿ ಪೊಟ್ಟಣ ಎಷ್ಟು ಹೋಗಿದೆ, ಎಷ್ಟು ಮತ್ತೆ ಇಡಬೇಕು. ಮೂರನ್ನೂ ಮಾಡುವವರು ಒಬ್ಬರೇ, ಮಾಡುವುದು ಕೋಣೆಗೆ ಕಾಲಿಟ್ಟ ಒಂದೇ ಸಲಕ್ಕೆ. ಹಾಗಾಗಿ ಈ ಕೆಲಸದಲ್ಲಿ ಏನು ಮಾಡಬೇಕು ಎನ್ನುವುದಕ್ಕಿಂತ ಯಾವುದನ್ನು ಮೊದಲು ಮಾಡಬೇಕು, ಯಾವಾಗ ಬರೆಯಬೇಕು ಎನ್ನುವುದೇ ಹೆಚ್ಚಿನದು.

ಮೊದಲು ಹುಡುಕು, ಆಮೇಲೆ ಮುಟ್ಟು

ಅತಿಥಿ ಬಿಟ್ಟುಹೋದ ಕೋಣೆಗೆ ಹೊಸಬರು ಬಂದರೆ ಅವರ ಕೈ ನೇರ ಹಾಸಿಗೆಯ ಚಾದರಕ್ಕೆ ಹೋಗುತ್ತದೆ. ದಿನಕ್ಕೆ ಹನ್ನೆರಡು ಹದಿನಾಲ್ಕು ಕೋಣೆ ಮುಗಿಸಬೇಕಾದವರಿಗೆ ಆ ಅವಸರ ಸಹಜ. ಅನುಭವಿ ಸೂಪರ್‌ವೈಸರ್ ಮೊದಲು ಬಿಡಿಸುವ ಅಭ್ಯಾಸವೂ ಅದೇ. ಬಿಳಿ ಚಾದರ, ಬಿಳಿ ಡುವೆಟ್ ಕವರ್, ಬಿಳಿ ದಿಂಬಿನ ಚೀಲ ಎಲ್ಲವನ್ನೂ ಒಟ್ಟಿಗೆ ಬಾಚಿ ಉಂಡೆ ಕಟ್ಟಿದರೆ ಅದರೊಳಗಿದ್ದ ಕಿವಿಯೋಲೆ, ಇಯರ್‌ಬಡ್, ಕನ್ನಡಕ ಎಲ್ಲವೂ ಲಿನನ್ ಶೂಟಿನಲ್ಲಿ ಇಳಿದು ಲಾಂಡ್ರಿ ಸೇರುತ್ತವೆ. ಲಾಂಡ್ರಿ ಹೊರಗಿನ ಗುತ್ತಿಗೆಯದಾದರೆ ಆ ವಸ್ತು ಹೋಟೆಲ್‌ನ ಗೇಟನ್ನೇ ದಾಟಿಬಿಡುತ್ತದೆ. ಆಮೇಲೆ ಅತಿಥಿ ಫೋನ್ ಮಾಡಿ ‘ದಿಂಬಿನ ಹತ್ತಿರವೇ ಇಟ್ಟಿದ್ದೆ’ ಎಂದಾಗ ಅನುಮಾನದ ಬೆರಳು ತಿರುಗುವುದು ಕೋಣೆ ಶುಚಿಮಾಡಿದವರ ಕಡೆಗೆ.

ಹಾಗಾಗಿ ಮೊದಲಿಗೆ ಕೋಣೆಯ ಒಂದು ಸುತ್ತು. ಬಾಗಿಲಿನಿಂದ ಶುರುಮಾಡಿ ಒಂದೇ ದಿಕ್ಕಿನಲ್ಲಿ ಗೋಡೆ ಹಿಡಿದು ಹೋಗಬೇಕು, ನಡುವೆ ದಿಕ್ಕು ಬದಲಿಸಬಾರದು. ಮರೆತ ವಸ್ತುಗಳು ಸಿಗುವ ಜಾಗಗಳೆಲ್ಲ ಪಳಗಿದವರಿಗೆ ಬಾಯಿಪಾಠ: ಹಾಸಿಗೆ ಪಕ್ಕದ ಪ್ಲಗ್‌ನಲ್ಲಿ ಚಾರ್ಜರ್, ಬಚ್ಚಲ ಬಾಗಿಲ ಹಿಂದಿನ ಕೊಕ್ಕೆಯಲ್ಲಿ ಒಳಉಡುಪು, ವಾರ್ಡ್‌ರೋಬಿನ ಮೇಲಿನ ಹಲಗೆಯಲ್ಲಿ ಟೋಪಿ, ಹಾಸಿಗೆಗೂ ತಲೆದೆಸೆಯ ಹಲಗೆಗೂ ನಡುವಿನ ಸಂದಿಯಲ್ಲಿ ಫೋನು, ಪರದೆಯ ಹಿಂದಿನ ಕಿಟಕಿ ಕಟ್ಟೆಯಲ್ಲಿ ಪುಸ್ತಕ. ತಿಜೋರಿಯ ಬಾಗಿಲು ಮುಚ್ಚಿದ್ದರೆ ಅಟೆಂಡೆಂಟ್ ಅದನ್ನು ಮುಟ್ಟುವುದಿಲ್ಲ. ಹೌಸ್‌ಕೀಪಿಂಗ್‌ನ ಕಂಟ್ರೋಲ್ ಡೆಸ್ಕಿಗೆ ತಿಳಿಸುತ್ತಾರೆ. ಡ್ಯೂಟಿ ಮ್ಯಾನೇಜರ್ ಮತ್ತು ಸೆಕ್ಯೂರಿಟಿ ಇಬ್ಬರೂ ಇದ್ದಾಗಲೇ ಅದನ್ನು ತೆರೆಯುತ್ತಾರೆ, ತೆರೆದದ್ದನ್ನು ಬರೆದಿಡುತ್ತಾರೆ.

ಸುತ್ತಿನಲ್ಲಿ ಕೊನೆಯ ನಿಲ್ದಾಣ ಮಿನಿಬಾರ್. ಅಲ್ಲಿ ಎರಡೂ ಲೆಕ್ಕ ಕೂಡುತ್ತವೆ. ಹೋಟೆಲ್‌ನ ಸರಕು ಎಷ್ಟು ಹೋಗಿದೆ ಎಂದು ನೋಡುವಾಗಲೇ ಅತಿಥಿಯ ಸರಕೂ ಅಲ್ಲಿ ಸಿಗುತ್ತದೆ. ಇನ್ಸುಲಿನ್ ಪೆನ್ನು, ಮಗುವಿನ ಹಾಲಿನ ಬಾಟಲಿ, ಮದುವೆಗೆ ಒಯ್ಯಬೇಕಿದ್ದ ಹೂವಿನ ಪೊಟ್ಟಣ, ಊರಿಗೆ ಕೊಂಡ ಮೈಸೂರು ಪಾಕಿನ ಡಬ್ಬ. ಇವೆಲ್ಲ ತಣ್ಣಗಿರಲೆಂದು ಇಟ್ಟವು. ಕಣ್ಣಿಗೆ ಬೀಳದ ಕಾರಣಕ್ಕೇ ಮರೆತುಹೋದವು. ಅತಿಥಿ ಇನ್ನೂ ಕೌಂಟರಿನಲ್ಲಿದ್ದರೆ ಕೋಣೆಯ ಫೋನಿನಿಂದಲೇ ‘ಒಂದು ಕೋಲಾ, ಒಂದು ಬಾದಾಮಿ, ಫ್ರಿಜ್‌ನಲ್ಲಿ ಔಷಧಿ ಇದೆ, ಕಳಿಸ್ತಿದ್ದೀನಿ’ ಎಂದು ಹೇಳಿಬಿಡಬಹುದು. ಎರಡು ಉತ್ತರಕ್ಕೂ ಒಂದೇ ಕರೆ ಸಾಕು.

ಪುಟ್ಟ ಫ್ರಿಜ್, ದೊಡ್ಡ ತಗಾದೆ

ಮಿನಿಬಾರ್ ಜನಪ್ರಿಯವಾದದ್ದು 1974ರಲ್ಲಿ ಹಾಂಗ್‌ಕಾಂಗ್‌ನ ಹಿಲ್ಟನ್ ಹೋಟೆಲ್‌ನಿಂದ. ಪ್ರತಿ ಕೋಣೆಯಲ್ಲೂ ಪಾನೀಯ ತುಂಬಿದ ಫ್ರಿಜ್ ಇಟ್ಟ ಮೇಲೆ ಅಲ್ಲಿ ಕೋಣೆಯ ಪಾನೀಯ ಮಾರಾಟ ಹಲವು ಪಟ್ಟು ಏರಿತು, ಉಳಿದ ಹೋಟೆಲ್‌ಗಳು ಅದನ್ನೇ ಅನುಸರಿಸಿದವು. ಆದರೆ ಮಲಗುವ ಕೋಣೆಯಲ್ಲಿ ಫ್ರಿಜ್ ಇಡುವುದು ಸಾಧ್ಯವಾದದ್ದು ಅದಕ್ಕಿಂತ ಹಳೆಯ ಶೋಧದಿಂದ. 1922ರಲ್ಲಿ ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು, ಬಾಲ್ಟ್ಸಾರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್, ಕಂಪ್ರೆಸರ್ ಇಲ್ಲದ, ಶಾಖದಿಂದಲೇ ನಡೆಯುವ ಫ್ರಿಜ್ ಮಾಡಿದರು. ಅದರಲ್ಲಿ ತಿರುಗುವ ಯಂತ್ರಭಾಗ ಇಲ್ಲ, ಆದ್ದರಿಂದ ಸದ್ದಿಲ್ಲ. ಇಂದಿಗೂ ಬಹಳಷ್ಟು ಹೋಟೆಲ್ ಕೋಣೆಗಳ ಮಿನಿಬಾರ್ ಆ ತತ್ವದ್ದೇ.

ಆ ಮೌನಕ್ಕೊಂದು ಬೆಲೆಯಿದೆ. ಅದು ಮನೆಯ ಫ್ರಿಜ್‌ನಷ್ಟು ಬೇಗ ತಣ್ಣಗಾಗುವುದಿಲ್ಲ, ಅಷ್ಟು ತಣ್ಣಗೂ ಆಗುವುದಿಲ್ಲ. ಹಿಂಬದಿಯಿಂದ ಬಿಸಿ ಹೊರಹೋಗಲು ಜಾಗವಿಲ್ಲದಂತೆ ಮರದ ಬೀರುವಿನಲ್ಲಿ ತುರುಕಿದರೆ ಇನ್ನೂ ನಿಧಾನ. ಸಂಜೆ ಐದಕ್ಕೆ ತುಂಬಿಸಿಟ್ಟ ಬಿಯರ್ ರಾತ್ರಿ ಎಂಟಕ್ಕೂ ಬೆಚ್ಚಗೇ ಇರಬಹುದು. ಅದಕ್ಕೇ ಮಿನಿಬಾರ್ ತುಂಬುವವರು ಡಬ್ಬಿಗಳನ್ನು ಮಹಡಿಯ ಪ್ಯಾಂಟ್ರಿಯಲ್ಲಿ ಮೊದಲೇ ತಣ್ಣಗೆ ಮಾಡಿಕೊಂಡು ಒಯ್ಯುತ್ತಾರೆ. ಇನ್ನೊಂದು ತಪ್ಪು ವಿದ್ಯುತ್ ಸಂಪರ್ಕದ್ದು. ಕೀ ಕಾರ್ಡ್ ತೆಗೆದರೆ ಕೋಣೆಯ ದೀಪಗಳೆಲ್ಲ ಆರುವ ವ್ಯವಸ್ಥೆಗೆ ಫ್ರಿಜ್ ಕೂಡ ಜೋಡಣೆಯಾಗಿದ್ದರೆ ಅತಿಥಿ ಹೊರಗಿರುವಷ್ಟು ಹೊತ್ತೂ ಅದು ಬಂದ್. ‘ಫ್ರಿಜ್ ಕೆಟ್ಟಿದೆ’ ಎಂಬ ದೂರು ಒಂದೇ ಕೋಣೆಯಿಂದ ಮತ್ತೆ ಮತ್ತೆ ಬಂದರೆ ನೋಡಬೇಕಾದ್ದು ಫ್ರಿಜ್ಜನ್ನಲ್ಲ, ಪ್ಲಗ್ಗನ್ನು.

ತುಂಬುವ ಕ್ರಮ ಸರಳ. ಪ್ರತಿ ಕೋಣೆಗೂ ಒಂದು ನಿಗದಿತ ಪಟ್ಟಿ: ಸೋಡಾ ಎರಡು, ಕೋಲಾ ಎರಡು, ಜ್ಯೂಸ್ ಎರಡು, ಬಿಯರ್ ಎರಡು, ಚಾಕೊಲೇಟ್ ಎರಡು, ಚಿಪ್ಸ್ ಒಂದು, ಬಾದಾಮಿ ಒಂದು ಎಂಬ ಹಾಗೆ. ಎಲ್ಲ ಕೋಣೆಯಲ್ಲೂ ಒಂದೊಂದು ವಸ್ತುವಿಗೆ ಅದದೇ ಜಾಗ, ಲೇಬಲ್ ಮುಂದಕ್ಕೆ. ಹಾಗಿದ್ದರೆ ಎಣಿಸಬೇಕಿಲ್ಲ, ಬಾಗಿಲು ತೆರೆದೊಡನೆ ಖಾಲಿ ಜಾಗವೇ ಹೇಳುತ್ತದೆ. ಆಮೇಲೆ ಮಿನಿಬಾರ್ ಚೀಟಿಯಲ್ಲಿ ಕೋಣೆ ಸಂಖ್ಯೆ, ಸಮಯ, ವಸ್ತು, ಸಹಿ. ಚೀಟಿಯ ಬದಲು ಮೊಬೈಲ್ ಆ್ಯಪ್ ಬಂದಿರುವ ಕಡೆ ನೇರ ಬಿಲ್ಲಿಗೇ ಏರುತ್ತದೆ.

ಖಾಲಿ ಜಾಗ ಮಾತ್ರ ನೋಡಿದರೆ ಮೋಸಹೋಗುವ ಸಂದರ್ಭವೂ ಇದೆ. ವೋಡ್ಕಾ ಕುಡಿದು ನೀರು ತುಂಬಿ ಮುಚ್ಚಳ ತಿರುಗಿಸಿಟ್ಟವರು, ವಿಸ್ಕಿಯ ಜಾಗಕ್ಕೆ ಚಹಾ ಡಿಕಾಕ್ಷನ್ ಹೊಯ್ದವರು ಎಲ್ಲ ದೇಶದ ಹೋಟೆಲ್‌ಗಳಿಗೂ ಬರುತ್ತಾರೆ. ಅದಕ್ಕೆ ಅಟೆಂಡೆಂಟ್ ಬಾಟಲಿಯನ್ನು ಮುಟ್ಟಿ ನೋಡುತ್ತಾರೆ. ಮುಚ್ಚಳದ ಕೆಳಗಿನ ಉಂಗುರ ಕಳಚಿದೆಯೇ, ತಲೆಕೆಳಗು ಹಿಡಿದರೆ ಹನಿ ಜಿನುಗುತ್ತದೆಯೇ, ಪಕ್ಕದ ಕೋಣೆಯ ಬಾಟಲಿಗಿಂತ ಮಟ್ಟ ಏರಿಳಿತವಿದೆಯೇ? ಇನ್ನೂ ನಯವಾದ ಉಪಾಯವೆಂದರೆ ತಿಂದ ಚಾಕೊಲೇಟಿನ ಜಾಗಕ್ಕೆ ಎದುರಿನ ಅಂಗಡಿಯಿಂದ ಅದೇ ಚಾಕೊಲೇಟ್ ತಂದಿಡುವುದು. ಸ್ವಂತ ದುಡ್ಡು ಕೊಟ್ಟು ತಂದದ್ದಾದ್ದರಿಂದ ಇದನ್ನು ಮೋಸ ಎನ್ನುವುದೂ ಕಷ್ಟ. ಆದರೆ ಹೋಟೆಲ್‌ಗೆ ಒಂದು ತೊಂದರೆಯಿದೆ: ಬ್ಯಾಚ್ ಸಂಖ್ಯೆಯೂ ಅವಧಿ ಮುಗಿಯುವ ತಿಂಗಳೂ ರಿಜಿಸ್ಟರಿನದಕ್ಕೆ ತಾಳೆಯಾಗುವುದಿಲ್ಲ.

ಅವಧಿಯ ಲೆಕ್ಕವೇ ಮಿನಿಬಾರ್‌ನ ನಿಜವಾದ ನಷ್ಟದ ಮೂಲ. ಯಾರೂ ಮುಟ್ಟದ ಬಾದಾಮಿ ಡಬ್ಬಿ ತಿಂಗಳುಗಟ್ಟಲೆ ಅಲ್ಲೇ ಕೂತಿರುತ್ತದೆ. ಪ್ರತಿದಿನ ‘ಸರಿಯಿದೆ’ ಎಂದು ಗುರುತು ಬೀಳುತ್ತಲೂ ಇರುತ್ತದೆ, ಯಾಕೆಂದರೆ ಡಬ್ಬಿ ಇದೆ. ಒಂದು ದಿನ ಅತಿಥಿಯೇ ಅದನ್ನು ತಿರುಗಿಸಿ ದಿನಾಂಕ ಓದುತ್ತಾರೆ. ಇದನ್ನು ತಪ್ಪಿಸಲು ತಿಂಗಳಿಗೊಮ್ಮೆ ಎಲ್ಲ ಕೋಣೆಯ ಎಲ್ಲ ವಸ್ತುಗಳ ಅವಧಿ ಓದಿ ಪಟ್ಟಿ ಮಾಡಬೇಕು. ಅವಧಿ ಹತ್ತಿರವಾದವನ್ನು ತೆಗೆದು ಹೆಚ್ಚು ಖರ್ಚಾಗುವ ಕೋಣೆಗಳಿಗೋ ಕೆಳಗಿನ ಬಾರಿಗೋ ಕಳಿಸಬೇಕು. ಹಾಳಾದದ್ದನ್ನು ಸುಮ್ಮನೆ ಎಸೆಯದೆ ಹಾನಿ ಪಟ್ಟಿಯಲ್ಲಿ ಬರೆದು ಸಹಿ ಹಾಕಿಸಬೇಕು. ಬರೆಯದೆ ಎಸೆದರೆ ತಿಂಗಳ ಕೊನೆಯಲ್ಲಿ ಅದು ಕಳವಿನ ಹಾಗೆ ಕಾಣುತ್ತದೆ.

ಬಿಲ್ಲಿನ ತಗಾದೆಗೆ ಸಾಮಾನ್ಯ ಕಾರಣ ಹಿಂದಿನ ಅತಿಥಿ. ಅವರು ಬೆಳಿಗ್ಗೆ ಹೋದಾಗ ಕೋಲಾ ಒಂದು ಕಡಿಮೆಯಿತ್ತು. ಅವಸರದಲ್ಲಿ ಅದು ಬಿಲ್ಲಿಗೂ ಏರಲಿಲ್ಲ, ಮತ್ತೆ ತುಂಬಲೂ ಇಲ್ಲ. ಮಧ್ಯಾಹ್ನ ಬಂದವರು ಮರುದಿನ ಹೊರಟಾಗ ಆ ಕೋಲಾ ಅವರ ಲೆಕ್ಕಕ್ಕೆ ಬಿತ್ತು. ‘ನಾನು ಫ್ರಿಜ್ ತೆರೆದೇ ಇಲ್ಲ’ ಎಂದು ಅವರು ಹೇಳಿದರೆ ಹೋಟೆಲ್‌ನವರ ಬಳಿ ಪುರಾವೆ ಇರುವುದಿಲ್ಲ, ಮೊತ್ತ ಕಡಿತವಾಗುತ್ತದೆ. ಕಂಪನಿ ಬಿಲ್ ಕಟ್ಟುವ ಅತಿಥಿಗಳದ್ದು ಇನ್ನೊಂದು ಬಗೆ. ಕೋಣೆಯ ಬಾಡಿಗೆ ಕಂಪನಿಯದು, ಮಿನಿಬಾರ್ ಅತಿಥಿಯದು. ಅತಿಥಿ ಹೊರಟುಹೋದ ಮೇಲೆ ಸಿಕ್ಕ ಖರ್ಚನ್ನು ಕಂಪನಿಗೆ ಕಳಿಸುವಂತಿಲ್ಲ. ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನ ಹೋಟೆಲ್‌ಗಳನ್ನು ಸೋಮವಾರದಿಂದ ಗುರುವಾರದವರೆಗೆ ತುಂಬುವವರು ಹೆಚ್ಚಾಗಿ ಇಂಥವರೇ.

ಬೆಲೆಯ ಬಗ್ಗೆ ಓದುಗರಿಗೆ ಒಂದು ಸಂಶಯವಿರುವುದು ಸಹಜ: ಎಂಆರ್‌ಪಿ ಮುದ್ರಿತ ನೀರಿನ ಬಾಟಲಿಗೆ ಹೋಟೆಲ್ ಹೆಚ್ಚು ತೆಗೆದುಕೊಳ್ಳಬಹುದೇ? 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇತ್ಯರ್ಥ ಮಾಡಿದೆ. ಹೋಟೆಲ್, ರೆಸ್ಟೋರೆಂಟ್‌ಗಳು ಬರೀ ಬಾಟಲಿ ಮಾರುವುದಿಲ್ಲ, ಅದರ ಜತೆಗೆ ಸೇವೆಯನ್ನೂ ಕೊಡುತ್ತವೆ. ಆದ್ದರಿಂದ ಎಂಆರ್‌ಪಿಗಿಂತ ಹೆಚ್ಚು ತೆಗೆದುಕೊಳ್ಳುವುದು ತಪ್ಪಲ್ಲ ಎಂದಿತು. ಕೋಣೆಯಲ್ಲಿ ಉಚಿತವಾಗಿ ಇಡುವ ನೀರಿನ ಬಾಟಲಿ ಬೇರೆ, ಮಿನಿಬಾರ್‌ನ ಬಾಟಲಿ ಬೇರೆ. ಎರಡನ್ನೂ ಒಂದೇ ಕಡೆ ಇಟ್ಟರೆ ಜಗಳ ಖಚಿತ. ಅದಕ್ಕೇ ಉಚಿತ ನೀರಿನ ಕೊರಳಿಗೆ ಚೀಟಿ ತೂಗುಹಾಕಿ ಚಹಾ ತಟ್ಟೆಯ ಬಳಿ ಇಡುತ್ತಾರೆ.

ಮದ್ಯಕ್ಕೆ ಕಟ್ಟುಪಾಡು ಇನ್ನೂ ಬಿಗಿ. ಚುನಾವಣೆಯ ಹೊತ್ತಿನಲ್ಲಿ ಮತದಾನ ಮುಗಿಯುವ ಮುಂಚಿನ 48 ಗಂಟೆ ಮದ್ಯ ಮಾರುವಂತಿಲ್ಲ. ಕೋಣೆಯ ಫ್ರಿಜ್ ಕೂಡ ಅದಕ್ಕೆ ಹೊರತಲ್ಲ. ಆ ಎರಡು ದಿನಕ್ಕೆ ಬಾಟಲಿಗಳನ್ನೆಲ್ಲ ಕೋಣೆವಾರು ಎಣಿಸಿ ಇಳಿಸಬೇಕು ಅಥವಾ ಬೀಗ ಹಾಕಬೇಕು, ಆಮೇಲೆ ಮತ್ತೆ ಏರಿಸಬೇಕು. ಇಷ್ಟೆಲ್ಲ ಕೆಲಸಕ್ಕೆ ಬರುವ ಆದಾಯ ಸಾಲದೆಂದು ಎಷ್ಟೋ ಹೋಟೆಲ್‌ಗಳು ಈಗ ಫ್ರಿಜ್ಜನ್ನು ಖಾಲಿ ಇಟ್ಟು, ಬೇಕಾದವರು ಕರೆಮಾಡಿ ತರಿಸಿಕೊಳ್ಳಲಿ ಎನ್ನುತ್ತಿವೆ.

252 ಟೂತ್‌ಬ್ರಷ್ ಕಿಟ್‌ಗಳು ಹೋದದ್ದೆಲ್ಲಿಗೆ?

ಮಿನಿಬಾರ್‌ನಲ್ಲಿ ಹೋದದ್ದಕ್ಕೆ ಅತಿಥಿ ದುಡ್ಡು ಕೊಡುತ್ತಾರೆ. ಸೋಪು, ಶಾಂಪೂ, ಬಾಚಣಿಗೆ, ಶೇವಿಂಗ್ ಕಿಟ್‌ಗೆ ಯಾರೂ ಕೊಡುವುದಿಲ್ಲ. ಒಂದೊಂದರ ಬೆಲೆ ಕೆಲವೇ ರೂಪಾಯಿ, ಆದ್ದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ವರ್ಷಕ್ಕೆ ಸಾವಿರಾರು ಸಲ ಹೊರಬೀಳುವ ವಸ್ತುವಿನಲ್ಲಿ ಚಿಕ್ಕ ಸೋರಿಕೆಯೂ ದೊಡ್ಡ ಮೊತ್ತವೇ.

ಈ ಸರಕು ನಾಲ್ಕು ಕಡೆ ಇರುತ್ತದೆ: ಕೆಳಗಿನ ಸ್ಟೋರ್, ಮಹಡಿಯ ಪ್ಯಾಂಟ್ರಿ, ಟ್ರಾಲಿ, ಕೋಣೆ. ಪ್ರತಿ ಕಡೆಗೂ ಇಷ್ಟಿರಬೇಕು ಎಂಬ ಮಿತಿ ಇರುತ್ತದೆ. ಅದಕ್ಕೆ ಪಾರ್ ಸ್ಟಾಕ್ ಎನ್ನುತ್ತಾರೆ. ಪ್ಯಾಂಟ್ರಿ ಅದಕ್ಕಿಂತ ಇಳಿದಾಗ ಸ್ಟೋರಿನಿಂದ ಚೀಟಿ ಬರೆದು ತರಿಸಬೇಕು. ಖರ್ಚಿನ ಲೆಕ್ಕ ಹಿಡಿಯುವುದು ಹೀಗೆ: ವಾರದ ಮೊದಲು ಇದ್ದದ್ದು, ಅದಕ್ಕೆ ಬಂದದ್ದು ಕೂಡಿಸಿ, ಕೊನೆಗೆ ಉಳಿದದ್ದು ಕಳೆ. ಬಂದ ಮೊತ್ತವನ್ನು ಆ ವಾರ ಅತಿಥಿಗಳಿದ್ದ ಕೋಣೆ-ರಾತ್ರಿಗಳಿಂದ ಭಾಗಿಸು. ಬರೀ ‘ಈ ತಿಂಗಳು ಸೋಪು ಜಾಸ್ತಿ ಹೋಯಿತು’ ಎಂದರೆ ಅರ್ಥವಿಲ್ಲ. ದಸರೆಯ ತಿಂಗಳು ಮೈಸೂರಿನಲ್ಲಿ ಎಲ್ಲವೂ ಜಾಸ್ತಿಯೇ ಹೋಗಬೇಕು.

ಒಂದು ಲೆಕ್ಕ ಮಾಡಿ ನೋಡಬಹುದು. ಒಂದು ಮಹಡಿಯಲ್ಲಿ 20 ಕೋಣೆ ಎಂದಿಟ್ಟುಕೊಳ್ಳಿ. ವಾರಕ್ಕೆ 140 ಕೋಣೆ-ರಾತ್ರಿ. ಅದರಲ್ಲಿ ಅತಿಥಿಗಳಿದ್ದದ್ದು 105. ಟೂತ್‌ಬ್ರಷ್ ಮತ್ತು ಪುಟ್ಟ ಪೇಸ್ಟ್ ಇರುವ ಡೆಂಟಲ್ ಕಿಟ್ ಪ್ಯಾಂಟ್ರಿಯಲ್ಲಿ ಮೊದಲಿಗೆ 60 ಇದ್ದವು, ಸ್ಟೋರಿನಿಂದ 240 ಬಂದವು, ಕೊನೆಗೆ 48 ಉಳಿದವು. ಅಂದರೆ 252 ಹೋಗಿವೆ, ಕೋಣೆ-ರಾತ್ರಿಗೆ 2.4. ಹಿಂದಿನ ತಿಂಗಳುಗಳ ಅನುಭವದಿಂದ ಆ ಹೋಟೆಲ್ ಇಟ್ಟುಕೊಂಡ ಅಂದಾಜು ಕೋಣೆ-ರಾತ್ರಿಗೆ 1.5, ಅಂದರೆ ಸುಮಾರು 158. ಹೆಚ್ಚಾದದ್ದು 94.

ಇಂಥ ಕಡೆ ‘ಹುಡುಗರು ಮನೆಗೆ ಒಯ್ತಾರೆ’ ಎಂದು ತೀರ್ಮಾನಿಸಿಬಿಡುವ ಮ್ಯಾನೇಜರ್‌ಗಳು ಕಡಿಮೆಯೇನಿಲ್ಲ. ಆದರೆ ಬುದ್ಧಿವಂತ ಎಕ್ಸಿಕ್ಯೂಟಿವ್ ಹೌಸ್‌ಕೀಪರ್ ಮೊದಲು ಟ್ರಾಲಿ ನೋಡುತ್ತಾರೆ. ಕೊನೆಯ ಎಣಿಕೆ ನಡೆದದ್ದು ಭಾನುವಾರ ಸಂಜೆ. ಪ್ಯಾಂಟ್ರಿಯನ್ನು ಎಣಿಸಿದವರು ಅಲ್ಲೇ ನಿಲ್ಲಿಸಿದ್ದ ಎರಡು ಟ್ರಾಲಿಗಳನ್ನು ಬಿಟ್ಟಿದ್ದರು. ವಾರದ ಮೊದಲಿಗೆ ಖಾಲಿಯಿದ್ದ ಅವುಗಳಲ್ಲೀಗ 40 ಕಿಟ್. ಅವು ಖರ್ಚಾಗಿಯೇ ಇಲ್ಲ. ಉಳಿದದ್ದು 54. ನಂತರ ಆ ವಾರದ ಅತಿಥಿಗಳ ಪಟ್ಟಿ ನೋಡಿದರು. ಮದುವೆಯ ದಿಬ್ಬಣ ಎರಡು ರಾತ್ರಿ 12 ಕೋಣೆ ಹಿಡಿದಿತ್ತು, ಪ್ರತಿ ಕೋಣೆಗೂ ಹೆಚ್ಚುವರಿ ಹಾಸಿಗೆ ಹಾಕಿಸಿ ಮೂರನೆಯವರೊಬ್ಬರು ಮಲಗಿದ್ದರು. ಅವರಿಗೆ ರಾತ್ರಿಗೊಂದರಂತೆ 24 ಕಿಟ್ ಹೋಗಿದೆ. ಉಳಿದದ್ದು 30.

ಈ 30ಕ್ಕೆ ಉತ್ತರ ಸಿಕ್ಕಿದ್ದು ಕಸದ ಚೀಲದಲ್ಲಿ. ತೆರೆಯದ ಕಿಟ್‌ಗಳ ರಟ್ಟಿನ ಪೆಟ್ಟಿಗೆ ಒದ್ದೆಯಾಗಿ ಮೆತ್ತಗಾಗಿತ್ತು. ಬೇಸಿನ್ನಿನ ಅಂಚಿಗೇ ಕಿಟ್ ಇಡುವ ಪದ್ಧತಿಯಿತ್ತು. ಅತಿಥಿ ಮುಖ ತೊಳೆದಾಗ ನೀರು ಚಿಮ್ಮಿ ಪೆಟ್ಟಿಗೆ ಹಾಳಾಗುತ್ತಿತ್ತು, ಒಳಗಿನ ಬ್ರಷ್ ಸರಿಯಿದ್ದರೂ ಎಸೆಯಬೇಕಾಗುತ್ತಿತ್ತು. ತಟ್ಟೆಯನ್ನು ಕನ್ನಡಿಯ ಪಕ್ಕದ ಹಲಗೆಗೆ ಏರಿಸಿದರೆ ಆಯಿತು. 94ರಲ್ಲಿ ಕಳವಿನದು ಒಂದೂ ಇರಲಿಲ್ಲ. ಎಲ್ಲ ಕಡೆಯೂ ಹೀಗೇ ಆಗುತ್ತದೆಂದಲ್ಲ. ಆದರೆ ಮಹಡಿವಾರು, ವಾರವಾರ ಬರೆದಿಟ್ಟಿದ್ದರಿಂದಲೇ ಇದನ್ನು ಹುಡುಕಲು ಆಯಿತು. ಇಡೀ ಹೋಟೆಲ್‌ಗೆ ಒಂದೇ ತಿಂಗಳ ಲೆಕ್ಕವಿದ್ದರೆ ಮದುವೆಯ ದಿಬ್ಬಣವೂ ಒದ್ದೆ ಪೆಟ್ಟಿಗೆಯೂ ಅದರಲ್ಲಿ ಕರಗಿಹೋಗುತ್ತಿದ್ದವು.

ಇತ್ತೀಚೆಗೆ ಈ ತಟ್ಟೆಯ ಮೇಲಿನ ವಸ್ತುಗಳೇ ಬದಲಾಗುತ್ತಿವೆ. 2022ರ ಜುಲೈ 1ರಿಂದ ಪ್ಲಾಸ್ಟಿಕ್ ಕಡ್ಡಿಯ ಇಯರ್‌ಬಡ್ಸ್, ಪ್ಲಾಸ್ಟಿಕ್ ಕಲಕುಕಡ್ಡಿಗಳಿಗೆ ದೇಶದಲ್ಲಿ ನಿಷೇಧ ಬಂದಿದೆ. ಅವುಗಳ ಜಾಗಕ್ಕೆ ಕಾಗದ, ಬಿದಿರು, ಮರ ಬಂದಿವೆ. ಪುಟ್ಟ ಶಾಂಪೂ ಬಾಟಲಿಗಳನ್ನು ಕೈಬಿಟ್ಟು ಗೋಡೆಗೆ ದೊಡ್ಡ ಬಾಟಲಿ ಹಾಕುತ್ತೇವೆಂದು ಐಎಚ್‌ಜಿ, ಮ್ಯಾರಿಯಟ್‌ನಂಥ ಜಾಗತಿಕ ಸಂಸ್ಥೆಗಳು 2019ರಲ್ಲೇ ಪ್ರಕಟಿಸಿದವು. ಇದರಿಂದ ಕಸ ಕಡಿಮೆಯಾಗುತ್ತದೆ, ಆದರೆ ಎಣಿಕೆ ಕಷ್ಟವಾಗುತ್ತದೆ. ಬಾಟಲಿ ಎಣಿಸಬಹುದು, ಗೋಡೆಯ ಬಾಟಲಿಯಲ್ಲಿ ಮಟ್ಟ ನೋಡಿ ಅಂದಾಜು ಮಾಡಬೇಕು. ಅದಕ್ಕೆ ಬೀಗವಿರಬೇಕು, ಇಲ್ಲವಾದರೆ ಒಳಗೆ ಯಾರು ಏನು ಬೆರೆಸಿದರೋ ಗೊತ್ತಾಗದು. ಅರ್ಧ ಖಾಲಿಯಾದದ್ದಕ್ಕೆ ಮೇಲಿಂದ ಸುರಿಯುತ್ತಾ ಹೋದರೆ ಹಳೆಯದು ತಳದಲ್ಲೇ ಉಳಿಯುತ್ತದೆ. ಹಾಗಾಗಿ ಮುಗಿದ ಬಾಟಲಿಯನ್ನೇ ತೆಗೆದು ಸೀಲ್ ಇರುವ ಹೊಸದನ್ನು ಹಾಕುವುದು ಒಳ್ಳೆಯ ಪದ್ಧತಿ.

‘ಹಳದಿ ಲೋಹದ ಓಲೆ, ಒಂದು’

ಮತ್ತೆ 412ಕ್ಕೆ ಬರೋಣ. ಅತಿಥಿ ಹೋಗಿಯಾಗಿದೆ. ಚಾದರವನ್ನು ಒಂದೊಂದಾಗಿ ಕೊಡವುವಾಗ ದಿಂಬಿನ ಚೀಲದಿಂದ ಓಲೆಯೊಂದು ಉದುರುತ್ತದೆ. ಅಟೆಂಡೆಂಟ್ ಅದನ್ನು ಜೇಬಿಗೆ ಹಾಕಿಕೊಳ್ಳಬಾರದು, ‘ಆಮೇಲೆ ಕೊಟ್ಟರಾಯಿತು’ ಎಂದು ಟ್ರಾಲಿಯಲ್ಲೂ ಇಡಬಾರದು. ಕೋಣೆಯಿಂದ ಹೊರಬರುವ ಮೊದಲೇ ಕೋಣೆಯ ಫೋನಿನಲ್ಲಿ ಕಂಟ್ರೋಲ್ ಡೆಸ್ಕಿಗೆ ಹೇಳಬೇಕು. ಆ ಕರೆಯ ಸಮಯವೇ ಅವರ ರಕ್ಷಣೆ. ಮಧ್ಯಾಹ್ನ ಎರಡಕ್ಕೆ ಅತಿಥಿ ಫೋನ್ ಮಾಡಿದ ಮೇಲೆ ‘ಹೌದು, ಸಿಕ್ಕಿದೆ’ ಎಂದು ಓಲೆ ಹೊರಬಂದರೆ, ಅದು ಎಷ್ಟೇ ಪ್ರಾಮಾಣಿಕವಾಗಿದ್ದರೂ ನೋಡುವವರಿಗೆ ಬೇರೆಯೇ ಅರ್ಥ ಕೊಡುತ್ತದೆ.

ಲಾಸ್ಟ್ ಆ್ಯಂಡ್ ಫೌಂಡ್ ರಿಜಿಸ್ಟರಿನಲ್ಲಿ ಬರೆಯುವುದಕ್ಕೂ ಒಂದು ಶಿಸ್ತಿದೆ. ಕ್ರಮಸಂಖ್ಯೆ, ದಿನಾಂಕ, ಸಮಯ, ಕೋಣೆ, ಸಿಕ್ಕ ನಿಖರ ಜಾಗ, ವಿವರಣೆ, ಹುಡುಕಿಕೊಟ್ಟವರ ಹೆಸರು, ಪಡೆದವರ ಸಹಿ. ಜಾಗದ ಅಂಕಣದಲ್ಲಿ ‘ಕೋಣೆಯಲ್ಲಿ’ ಎಂದರೆ ಸಾಲದು. ‘ಕಿಟಕಿ ಬದಿಯ ದಿಂಬಿನ ಚೀಲದೊಳಗೆ’ ಎಂದಿರಬೇಕು. ವಸ್ತುವನ್ನು ಕೇಳಿಕೊಂಡು ಬಂದವರು ನಿಜವಾದ ಯಜಮಾನರೇ ಎಂದು ತಿಳಿಯಲು ಆ ಒಂದು ಸಾಲು ಸಾಕಾಗುತ್ತದೆ. ವಿವರಣೆಯಲ್ಲಿ ‘ಚಿನ್ನದ ವಜ್ರದೋಲೆ’ ಎಂದು ಬರೆಯುವವರು ಇನ್ನೂ ಕಲಿಯಬೇಕಾದವರು. ಪಳಗಿದವರು ಬರೆಯುವುದು ‘ಹಳದಿ ಲೋಹದ ಓಲೆ, ಒಂದು, ಬಿಳಿ ಕಲ್ಲು ಇದೆ, ಹಿಂಬದಿಯ ತಿರುಪಿಲ್ಲ’ ಎಂದು. ಅದು ಚಿನ್ನವೋ ಅಲ್ಲವೋ ಹೌಸ್‌ಕೀಪಿಂಗ್‌ಗೆ ಗೊತ್ತಿಲ್ಲ. ಚಿನ್ನ ಎಂದು ಬರೆದುಕೊಟ್ಟು ಹಿತ್ತಾಳೆ ಹಿಂತಿರುಗಿಸಿದರೆ ಉತ್ತರ ಹೇಳಬೇಕಾದವರು ಅವರೇ. ನಗದನ್ನು ಇಬ್ಬರೆದುರು ಎಣಿಸಿ, ಯಾವ ನೋಟು ಎಷ್ಟು ಎಂದು ಬರೆಯುತ್ತಾರೆ. ಫೋನು, ಲ್ಯಾಪ್‌ಟಾಪನ್ನು ತೆರೆದು ನೋಡುವಂತಿಲ್ಲ.

ಬರೆದ ಮೇಲೆ ವಸ್ತುವಿಗೆ ಅದೇ ಕ್ರಮಸಂಖ್ಯೆಯ ಚೀಟಿ ಅಂಟಿಸಿ ಚೀಲದಲ್ಲಿ ಮುಚ್ಚುತ್ತಾರೆ. ಬೆಲೆಬಾಳುವವು ಸೆಕ್ಯೂರಿಟಿಯ ಅಥವಾ ಫ್ರಂಟ್ ಆಫೀಸಿನ ತಿಜೋರಿಗೆ, ಉಳಿದವು ಹೌಸ್‌ಕೀಪಿಂಗ್‌ನ ಬೀಗದ ಕಪಾಟಿಗೆ. ತಿನ್ನುವ ವಸ್ತುಗಳನ್ನು ಒಂದೆರಡು ದಿನಕ್ಕಿಂತ ಹೆಚ್ಚು ಇಡುವುದಿಲ್ಲ. ಬಟ್ಟೆ, ಚಾರ್ಜರಿನಂಥವನ್ನು ಸಾಮಾನ್ಯವಾಗಿ ಮೂರು ತಿಂಗಳು, ಬೆಲೆಬಾಳುವವನ್ನು ಆರು ತಿಂಗಳಿಂದ ಒಂದು ವರ್ಷ ಇಡುವ ರೂಢಿ. ಅವಧಿ ಹೋಟೆಲ್‌ನಿಂದ ಹೋಟೆಲ್‌ಗೆ ಬದಲಾಗುತ್ತದೆ. ಆಮೇಲೂ ಯಾರೂ ಕೇಳದಿದ್ದರೆ ಸಾಧಾರಣ ವಸ್ತುಗಳನ್ನು ಹುಡುಕಿಕೊಟ್ಟವರಿಗೇ ಗೇಟ್ ಪಾಸ್ ಬರೆದು ಕೊಡುವ ಪದ್ಧತಿ ಅನೇಕ ಕಡೆ ಇದೆ. ಇದರಲ್ಲಿ ಔದಾರ್ಯಕ್ಕಿಂತ ಲೆಕ್ಕಾಚಾರ ಹೆಚ್ಚು: ತಂದೊಪ್ಪಿಸಿದರೆ ಕೊನೆಗೆ ತಮಗೇ ಬರಬಹುದು ಎಂದು ಗೊತ್ತಿರುವವರು ಬಚ್ಚಿಡುವುದಿಲ್ಲ.

ಕಾನೂನು ಕೂಡ ಇದೇ ದಾರಿಯಲ್ಲಿದೆ. 1872ರ ಭಾರತೀಯ ಕರಾರು ಕಾಯ್ದೆಯ 71ನೇ ಕಲಮಿನ ಪ್ರಕಾರ, ಬೇರೆಯವರ ವಸ್ತು ಸಿಕ್ಕಿ ಅದನ್ನು ತನ್ನ ವಶಕ್ಕೆ ತೆಗೆದುಕೊಂಡವರಿಗೆ, ನಂಬಿ ಒಪ್ಪಿಸಿದ ವಸ್ತುವನ್ನು ಕಾಯುವವರಷ್ಟೇ ಹೊಣೆ. ತನ್ನದೇ ವಸ್ತುವಾಗಿದ್ದರೆ ವಿವೇಕಿಯೊಬ್ಬರು ಎಷ್ಟು ಜೋಪಾನ ಮಾಡುತ್ತಿದ್ದರೋ ಅಷ್ಟು ಮಾಡಬೇಕು. ಸಿಕ್ಕಿದ್ದನ್ನು ಯಜಮಾನರನ್ನು ಹುಡುಕದೆ ತನ್ನದಾಗಿಸಿಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಮಿನಡಿ ಅದು ಅಪರಾಧ. ಹೋಟೆಲ್ ಕೋಣೆಯಲ್ಲಿ ಸಿಕ್ಕ ವಸ್ತುವಿಗೆ ಯಜಮಾನರು ಯಾರೆಂದು ತಿಳಿಯಲಿಲ್ಲ ಎಂಬ ನೆಪವೂ ಇಲ್ಲ. ಹೆಸರು, ವಿಳಾಸ, ಫೋನ್ ಎಲ್ಲವೂ ಕೌಂಟರಿನ ದಾಖಲೆಯಲ್ಲೇ ಇರುತ್ತವೆ.

ಹಾಗಿದ್ದರೆ ಹೋಟೆಲ್‌ನವರೇ ಫೋನ್ ಮಾಡಿ ತಿಳಿಸಬಾರದೇಕೆ? ಈ ವೃತ್ತಿಯ ಹಳೆಯ ಎಚ್ಚರವೊಂದು ಇಲ್ಲಿದೆ. ಅತಿಥಿಯ ಮನೆಗೆ ಕರೆಮಾಡಿ ‘ನಿಮ್ಮ ಓಲೆ ನಮ್ಮಲ್ಲಿದೆ’ ಎಂದರೆ, ಅವರು ಆ ರಾತ್ರಿ ಆ ಊರಿನಲ್ಲಿದ್ದರೆಂಬುದು ಫೋನ್ ಎತ್ತಿದವರಿಗೆಲ್ಲ ಗೊತ್ತಾಗುತ್ತದೆ. ಓಲೆ ಅವರದೇ ಎಂದೂ ಹೇಳಲಾಗದು, ಅವರನ್ನು ನೋಡಲು ಬಂದವರದ್ದೂ ಇರಬಹುದು. ಹಾಗಾಗಿ ಬಹಳ ಹೋಟೆಲ್‌ಗಳು ಅತಿಥಿಯೇ ಕೇಳುವವರೆಗೆ ಸುಮ್ಮನಿರುತ್ತವೆ. ಪಾಸ್‌ಪೋರ್ಟ್, ಔಷಧಿಯಂಥ ತುರ್ತಿನ ವಸ್ತುವಾದರೆ ಮಾತ್ರ ಅತಿಥಿ ಸ್ವತಃ ಕೊಟ್ಟ ಸಂಖ್ಯೆಗೆ ಕರೆಮಾಡಿ, ವಸ್ತುವಿನ ಹೆಸರು ಹೇಳದೆ, ‘ಒಮ್ಮೆ ನಮ್ಮನ್ನು ಸಂಪರ್ಕಿಸಿ’ ಎಂದಷ್ಟೇ ಹೇಳುತ್ತಾರೆ. ಮರಳಿ ಕೊಡುವಾಗ ಗುರುತಿನ ಚೀಟಿ, ಬೇರೆಯವರನ್ನು ಕಳಿಸಿದರೆ ಒಪ್ಪಿಗೆ ಪತ್ರ, ಕೊರಿಯರ್ ಆದರೆ ಅದರ ರಸೀದಿ. ಇವೆಲ್ಲ ರಿಜಿಸ್ಟರಿನ ಅದೇ ಸಾಲಿಗೆ ಸೇರಿದ ಮೇಲೆಯೇ ಆ ನಮೂದು ಮುಗಿಯುತ್ತದೆ.

ಹೋಟೆಲ್‌ನಲ್ಲಿ ತಂಗುವವರು ಇದರಿಂದ ತಿಳಿಯಬೇಕಾದದ್ದು ಎರಡು ಸಂಗತಿ. ಕೋಣೆಗೆ ಹೋದೊಡನೆ ಮಿನಿಬಾರ್ ತೆರೆದು ಪಟ್ಟಿಗೆ ಹೋಲಿಸಿ. ಏನಾದರೂ ಕಡಿಮೆಯಿದ್ದರೆ ಆಗಲೇ ಹೌಸ್‌ಕೀಪಿಂಗ್‌ಗೆ ಹೇಳಿ, ಹೊರಡುವಾಗ ವಾದ ಮಾಡಬೇಕಾಗುವುದಿಲ್ಲ. ಏನಾದರೂ ಮರೆತಿದ್ದೀರೆಂದು ಹೊಳೆದರೆ ಹೋಟೆಲ್‌ನವರೇ ಕರೆಯುತ್ತಾರೆಂದು ಕಾಯಬೇಡಿ. ಅದೇ ದಿನ ಫೋನ್ ಮಾಡಿ, ರಿಸೆಪ್ಷನ್‌ಗೆ ಹೇಳಿ ಸುಮ್ಮನಾಗದೆ ಹೌಸ್‌ಕೀಪಿಂಗ್‌ಗೆ ಜೋಡಿಸಲು ಕೇಳಿ. ಕೋಣೆ ಸಂಖ್ಯೆ, ಹೊರಟ ದಿನಾಂಕ, ವಸ್ತು ಇಟ್ಟಿದ್ದ ಜಾಗ ಮೂರನ್ನೂ ಹೇಳಿ, ರಿಜಿಸ್ಟರಿನ ಕ್ರಮಸಂಖ್ಯೆ ಬರೆದುಕೊಳ್ಳಿ. ಲಿನನ್ ಚೀಲ ಲಾಂಡ್ರಿಗೆ ಹೋಗುವ ಮುನ್ನ, ಕಸದ ಚೀಲ ಗೇಟು ದಾಟುವ ಮುನ್ನ ಆ ಕರೆ ಬಂದರೆ ವಸ್ತು ಸಿಗುವ ಸಾಧ್ಯತೆ ಬಹಳ ಹೆಚ್ಚು.